ಸೊಂಟದವರೆಗೆ ಕೂದಲು, 55 ಸೆಂ.ಮೀ. ತಲೆ: ಯಾವ ಅಳತೆಯ ಈಜು ಟೋಪಿ? ಗಾಗಲ್ಸ್ ಪಟ್ಟಿ ಎಲ್ಲಿ ಕೂರಬೇಕು?

ಜಡೆಭಾರ

ಎಲ್ಲರಿಗೂ ನಮಸ್ಕಾರ. ಈಜು ಕಲಿಯೋಕೆ ಸೇರಿ ಎರಡು ತಿಂಗಳಾಯಿತು. ನೀರಿನ ಭಯ ಹೋಯಿತು, ಟೋಪಿಯ ಕಾಟ ಮಾತ್ರ ಹೋಗಿಲ್ಲ.

ನನ್ನ ಕೂದಲು ಸೊಂಟದವರೆಗೆ ಇದೆ, ದಪ್ಪವೂ ಇದೆ. ಮೊದಲು ತಗೊಂಡದ್ದು ಸಾಮಾನ್ಯ ಸಿಲಿಕೋನ್ ಟೋಪಿ. ಹಾಕಿಕೊಳ್ಳೋಕೆ ಐದು ನಿಮಿಷ ಬೇಕು, ಕೂದಲು ಕಿತ್ತು ಕಣ್ಣಲ್ಲಿ ನೀರು. ಇಷ್ಟಾದ ಮೇಲೂ ನಾಲ್ಕು ಸಲ ಆ ತುದಿ ಈ ತುದಿ ಈಜುವಷ್ಟರಲ್ಲಿ ಹಿಂದಿನಿಂದ ಮೇಲಕ್ಕೆ ಏರಿ, ಕೊನೆಗೆ ನೆತ್ತಿಯ ಮೇಲೆ ಬಲೂನಿನಂತೆ ಕೂರುತ್ತದೆ. ಅದರ ಜೊತೆ ಗಾಗಲ್ಸ್ ಪಟ್ಟಿಯೂ ಏರುತ್ತದೆ.

ಸರಿ, ಅಳತೆ ಸಾಲದು ಅಂದುಕೊಂಡು "ಉದ್ದ ಕೂದಲಿಗೆ" ಅಂತ ಬರೆದಿದ್ದ ದೊಡ್ಡ ಟೋಪಿ ತಂದೆ. ಹಾಕೋದು ಸುಲಭ. ಆದರೆ ಗೋಡೆ ಒದ್ದು ಹೊರಟ ತಕ್ಷಣ ಹಣೆಯ ಅಂಚಿನಿಂದ ನೀರು ನುಗ್ಗಿ ಇಡೀ ಟೋಪಿ ಚೀಲದಂತೆ ತುಂಬಿಕೊಳ್ಳುತ್ತದೆ. ಮೊನ್ನೆ ತಲೆಯಿಂದ ಕಳಚಿ ಹೋಯಿತು, ಪಕ್ಕದ ಲೇನಿನವರು ಹಿಡಿದುಕೊಟ್ಟರು.

ತಲೆಯನ್ನು ಟೇಪಿನಲ್ಲಿ ಅಳೆದೆ. ಕೂದಲು ಬಿಟ್ಟಾಗ 55 ಸೆಂ.ಮೀ., ತುರುಬು ಕಟ್ಟಿ ಅದರ ಮೇಲಿಂದ ಸುತ್ತಿದರೆ 63. ಯಾವುದನ್ನು ನಂಬಬೇಕು? ಎಡಗಣ್ಣಿನ ಗಾಗಲ್ಸ್‌ಗೆ ಬೇರೆ ನೀರು ಸೇರುತ್ತದೆ. ಅರ್ಧ ಗಂಟೆ ಈಜಿದರೆ ಹುಬ್ಬಿನ ಮೇಲೆ ನೋವು. ಕೂದಲು ಕತ್ತರಿಸು ಅನ್ನೋ ಸಲಹೆ ಮನೆಯಲ್ಲೇ ಸಾಕಷ್ಟು ಸಿಕ್ಕಿದೆ, ಇಲ್ಲಿ ಬೇಡ.

ಮೂರನೇ ಲೇನ್

63 ಅಳತೆಯೇ ಸರಿ. ಟೋಪಿ ಕೂರೋದು ತುರುಬಿನ ಮೇಲೆ ತಾನೆ? ಅದರ ಅಳತೆಗೇ ತಗೊಳ್ಳಬೇಕು. ಸಿಲಿಕೋನ್ ಬಿಟ್ಟು ಬೇರೇನೂ ತಗೋಬೇಡಿ. ಲ್ಯಾಟೆಕ್ಸ್ ತೆಳ್ಳಗೆ, ಕೂದಲಿಗೆ ಅಂಟುತ್ತದೆ, ಬೇಗ ಹರಿಯುತ್ತದೆ. ಬಟ್ಟೆ ಟೋಪಿಯಲ್ಲಿ ನೀರು ಸೋರುತ್ತದೆ.

ಗಾಗಲ್ಸ್‌ದು ದೊಡ್ಡ ವಿಷಯವೇ ಅಲ್ಲ. ಎಡಗಡೆ ಸೋರಿದರೆ ಎಡಗಡೆ ಪಟ್ಟಿ ಒಂದು ಹಲ್ಲು ಬಿಗಿ ಮಾಡಿ. ನಾನು ಆರು ವರ್ಷದಿಂದ ಹಾಗೇ ಮಾಡ್ತಿದ್ದೀನಿ.

ಅವಸರದ ಈಜು

ನನಗೂ ಇದೇ ಪ್ರಶ್ನೆ ಇತ್ತು, ಥ್ಯಾಂಕ್ಸ್. ಈಜು ಮುಗಿಸಿ ಸೀದಾ ಆಫೀಸಿಗೆ ಹೋಗಬೇಕು, ಕೂದಲು ಸ್ವಲ್ಪವೂ ಒದ್ದೆ ಆಗಬಾರದು. ಅಂಥ ಟೋಪಿ ಯಾವುದು ಅಂತ ಹೇಳಿದರೆ ಸಾಕು.

ಹಳೇ ಕೋಚ್

ಅವಸರದವರೇ, ಅವರು ಕೇಳಿದ್ದು ಅದಲ್ಲ. ಕೇಳಿದಿರಲ್ಲ, ಹೇಳ್ತೀನಿ. ಅಂಥ ಟೋಪಿ ಇಲ್ಲ. ಕೂದಲು ಕಣ್ಣಿಗೆ ಬೀಳದಂತೆ, ಪೂಲಿನಲ್ಲಿ ಉದುರದಂತೆ ಟೋಪಿ ನೋಡಿಕೊಳ್ಳುತ್ತದೆ. ಹೆಡಕಿನ ಹತ್ತಿರ, ಕಿವಿಯ ಹಿಂದೆ ನೀರು ಬಂದೇ ಬರುತ್ತದೆ. ತಲೆ ಮುಳುಗಿಸದೆ ಈಜುವವರ ಕೂದಲು ಹೆಚ್ಚು ಕಡಿಮೆ ಒಣಗಿರಬಹುದು, ಅಷ್ಟೇ.

ಜಡೆಭಾರ ಮೇಡಂ, ಅಳತೆ ಹೇಳುವ ಮೊದಲು ನಾಲ್ಕು ವಿಷಯ ಬೇಕು. ತುರುಬು ತಲೆಯ ಮೇಲೆ ಎಲ್ಲಿ ಕಟ್ಟುತ್ತೀರಿ? ಅದಕ್ಕೆ ಪಿನ್ ಹಾಕುತ್ತೀರಾ? ಪಟ್ಟಿ ತುರುಬಿನ ಮೇಲ್ಗಡೆ ಹೋಗುತ್ತದೋ ಕೆಳಗಡೆಯೋ? ಎಡಗಣ್ಣಿಗೆ ನೀರು ಮೂಗಿನ ಕಡೆಯಿಂದ ಬರುತ್ತದೋ, ಹೊರ ಮೂಲೆಯಿಂದಲೋ?

ಇನ್ನೊಂದು ಕೆಲಸ. ಎರಡೂ ಟೋಪಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಎಳೆಯದೆ, ಬಾಯಿಯ ಅಗಲ ಅಳೆಯಿರಿ.

ಜಡೆಭಾರ

ಸರ್, ತುರುಬು ತಲೆಯ ಹಿಂಭಾಗದ ಸರಿಯಾಗಿ ನಡುವೆ, ಕಿವಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಉಂಡೆಯಂತೆ ಸುತ್ತಿ ನಾಲ್ಕು ಪಿನ್ ಹಾಕುತ್ತೇನೆ. ಮೊದಲ ಟೋಪಿಯಲ್ಲಿ ಈಗಾಗಲೇ ಒಂದು ಸಣ್ಣ ತೂತಿದೆ, ಪಿನ್ನಿನದೇ ಇರಬೇಕು.

ಪಟ್ಟಿ ತುರುಬಿನ ಕೆಳಗೆ ಹೋಗುತ್ತದೆ, ಮೇಲೆ ಇಟ್ಟರೆ ನಿಲ್ಲೋದಿಲ್ಲ. ಹೆಚ್ಚು ಕಡಿಮೆ ಕಿವಿಯ ಮೇಲೇ ಕೂತಿರುತ್ತದೆ. ನೀರು ಬರೋದು ಎಡಗಣ್ಣಿನ ಹೊರ ಮೂಲೆಯಲ್ಲಿ, ಮೇಲ್ಭಾಗದಿಂದ.

ಟೋಪಿ ಬಾಯಿ: ಮೊದಲನೆಯದು 22 ಸೆಂ.ಮೀ., ದೊಡ್ಡದು 25. ಮೂರನೇ ಲೇನ್ ಅವರು ಹೇಳಿದಂತೆ ಇವತ್ತು ಎಡ ಪಟ್ಟಿ ಬಿಗಿ ಮಾಡಿದೆ. ಸೋರೋದು ನಿಲ್ಲಲಿಲ್ಲ, ನೋವು ಮಾತ್ರ ಜಾಸ್ತಿಯಾಯಿತು.

ಹಳೇ ಕೋಚ್

ಅಂದುಕೊಂಡಂತೆಯೇ ಇದೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಟೋಪಿಯಲ್ಲಿ ಎರಡು ಅಳತೆ ಇವೆ. ಒಂದು ಬಾಯಿಯ ಅಂಚಿನದು, ಇನ್ನೊಂದು ಒಳಗಿನ ಜಾಗದ್ದು. ತಲೆಯನ್ನು ಹಿಡಿದುಕೊಳ್ಳುವುದು ಅಂಚು. ಅದು ಕೂರುವುದು ಹಣೆ, ಕಿವಿ, ಹೆಡಕಿನ ಮೇಲೆ. ಅಲ್ಲಿ ನಿಮ್ಮ ತುರುಬೇ ಇಲ್ಲ! ಅಂಚಿಗೆ 55 ನೋಡಬೇಕು. 63 ಹೇಳುವುದು ಒಳಗೆ ಎಷ್ಟು ಜಾಗ ಬೇಕು ಅನ್ನೋದನ್ನು ಮಾತ್ರ.

ಈಗ ನಿಮ್ಮ ಲೆಕ್ಕ. ಮೊದಲ ಟೋಪಿಯ ಬಾಯಿ 22, ಸುತ್ತಳತೆ 44. ಅದು 55ಕ್ಕೆ ಹಿಗ್ಗಬೇಕಾದರೆ ಕಾಲು ಪಾಲು ಹಿಗ್ಗುತ್ತದೆ. ಸಿಲಿಕೋನ್‌ಗೆ ಇದು ಒಳ್ಳೆಯ ಹಿಡಿತ. ದೊಡ್ಡದು 25, ಅಂದರೆ ಸುತ್ತ 50. 55ಕ್ಕೆ ಹತ್ತನೇ ಒಂದು ಪಾಲು ಮಾತ್ರ ಹಿಗ್ಗುತ್ತದೆ. ಅದಕ್ಕೇ ನೀರು ನುಗ್ಗಿದ್ದು. ಈ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ, ತುಂಬಾ ಜನರ ತಲೆ ನೋಡಿ ನನಗೆ ಬಂದ ಅಂದಾಜು. ಡಬ್ಬಿಯ ಮೇಲಿನ ದೊಡ್ಡದು ಚಿಕ್ಕದು ಅನ್ನೋ ಮಾತನ್ನು ನಂಬಬೇಡಿ, ಒಬ್ಬರ ದೊಡ್ಡದು ಇನ್ನೊಬ್ಬರ ನಡುವಿನದು.

ಹಾಗಾದರೆ ಮೊದಲನೆಯದು ಯಾಕೆ ಏರಿತು? ತುರುಬು ಉಂಡೆಯಾಗಿ ಹಿಂದಕ್ಕೆ ಚಾಚಿದೆ. ಟೋಪಿ ಅದರ ಮೇಲೆ ಹಿಗ್ಗಿ ಒತ್ತುತ್ತದೆ. ಹಿಂದಿನ ಅಂಚು ಹೆಡಕಿನವರೆಗೆ ತಲುಪುವುದೇ ಇಲ್ಲ, ತುರುಬಿನ ಕೆಳ ಇಳಿಜಾರಿನಲ್ಲೇ ನಿಂತಿರುತ್ತದೆ. ಒದ್ದೆ ಸೋಪನ್ನು ಮುಷ್ಟಿಯಲ್ಲಿ ಹಿಂಡಿದರೆ ಹೇಗೆ ಚಿಮ್ಮುತ್ತದೆ? ಹಾಗೆ. ಬಿಗಿಯಾದಷ್ಟೂ ಬೇಗ ಜಾರುತ್ತದೆ.

ಮೊದಲು ಬದಲಾಯಿಸಬೇಕಾದ್ದು ತುರುಬನ್ನು. ತಲೆಯ ಹಿಂದೆ ಕೈಯಾಡಿಸಿ, ನಡುವೆ ಮೂಳೆಯ ಒಂದು ಉಬ್ಬು ಸಿಗುತ್ತದೆ. ಅದರ ಕೆಳಗೆ, ಹೆಡಕಿನ ಮೇಲೆ, ಒಂದು ತಗ್ಗು. ಕೂದಲು ಕೂರಬೇಕಾದ್ದು ಆ ತಗ್ಗಿನಲ್ಲಿ. ಷವರಿನಲ್ಲಿ ಕೂದಲು ಪೂರ್ತಿ ನೆನೆಸಿ. ಒದ್ದೆ ಕೂದಲು ಅಮುಕಿದಂತೆ ಅಮುಕಿಕೊಳ್ಳುತ್ತದೆ, ಪೂಲಿನ ಕ್ಲೋರಿನ್ ನೀರನ್ನೂ ಅಷ್ಟು ಹೀರುವುದಿಲ್ಲ. ಎರಡು ಪಾಲು ಮಾಡಿ, ಎರಡು ಸಡಿಲ ಜಡೆ ಹಾಕಿ. ಎಡ ಜಡೆಯನ್ನು ಬಲಕ್ಕೆ, ಬಲ ಜಡೆಯನ್ನು ಎಡಕ್ಕೆ ತಂದು, ತಗ್ಗಿನಲ್ಲಿ ಚಪ್ಪಟೆಯಾಗಿ ಒಂದರ ಪಕ್ಕ ಒಂದು ಸುತ್ತಿ. ಒಂದರ ಮೇಲೊಂದು ಪೇರಿಸಬೇಡಿ. ಬಟ್ಟೆಯ ರಬ್ಬರ್ ಬ್ಯಾಂಡ್ ಸಾಕು. ಪಿನ್ ಬೇಡವೇ ಬೇಡ.

ಹಾಕುವಾಗ ಹಿಂದಿನಿಂದ ಶುರು ಮಾಡಿ. ಗಿಡ್ಡ ಕೂದಲಿನವರು ಹಣೆಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ನಿಮಗೆ ಅದು ಕಷ್ಟ. ಜಡೆಸುತ್ತನ್ನು ಮೊದಲು ಟೋಪಿಯೊಳಗೆ ಕೂರಿಸಿ, ಎರಡೂ ಅಂಗೈ ಒಳಗಿಟ್ಟು ಅಗಲಿಸಿ ಹಣೆಗೆ ತನ್ನಿ. ಉಗುರಿನಿಂದ ಚಿವುಟಿ ಎಳೆಯಬೇಡಿ, ಅಲ್ಲೇ ಹರಿಯೋದು. ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಕಿವಿ ಪೂರ್ತಿ ಒಳಗಿರಲಿ.

ಪಟ್ಟಿಯ ಮಾತು ಆಮೇಲೆ. ಟೋಪಿ ಸರಿ ಕೂರದೆ ಪಟ್ಟಿ ನೋಡಿ ಪ್ರಯೋಜನವಿಲ್ಲ.

ಮೂರನೇ ಲೇನ್

ಕೋಚ್ ಸರ್, 63ರ ವಿಷಯ ನಾನು ತಪ್ಪು ಹೇಳಿದೆ, ಒಪ್ಕೊಳ್ತೀನಿ. ಕೆಳಗೆ ತುರುಬು ಅನ್ನೋದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನನ್ನ ಹೆಂಡತಿ ಹಾಗೆ ಕಟ್ಟುತ್ತಾಳೆ. ಫ್ರೀಸ್ಟೈಲ್‌ನಲ್ಲಿ ಮುಂದೆ ನೋಡೋಕೆ ತಲೆ ಎತ್ತಿದರೆ ಗಂಟು ಕತ್ತಿಗೆ ಒತ್ತುತ್ತದಂತೆ. ಬೆನ್ನ ಮೇಲೆ ಈಜುವಾಗ ದಿಂಬು ಇಟ್ಟಂತೆ ತಲೆ ಮುಂದಕ್ಕೆ ಬರುತ್ತದಂತೆ.

ಹಳೇ ಕೋಚ್

ಅವರ ಮಾತು ನಿಜ ಇರಬಹುದು. ಫ್ರೀಸ್ಟೈಲ್‌ನಲ್ಲಿ ತಲೆ ಎತ್ತುವ ಅಭ್ಯಾಸವೇ ತಪ್ಪು, ಗಂಟು ಒತ್ತಿದರೆ ಒಳ್ಳೆಯದೇ ಅಂತ ತಮಾಷೆಗೆ ಹೇಳ್ತಿರ್ತೀನಿ. ಬೆನ್ನೀಜಿನದು ನಿಜವಾದ ತೊಂದರೆ. ಬೆನ್ನೀಜೇ ಜಾಸ್ತಿ ಮಾಡುವವರು ಜಡೆಯನ್ನು ಗಂಟು ಮಾಡದೆ ಉಬ್ಬಿನ ಸುತ್ತ ಕಿರೀಟದಂತೆ ಹರಡುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತದೆ. ಎಲ್ಲ ಈಜಿಗೂ ಒಂದೇ ತುರುಬು ಅನ್ನೋದು ನನಗಿನ್ನೂ ಸಿಕ್ಕಿಲ್ಲ.

ಗುಂಗುರು

ಜಡೆ ಹಾಕಿ ಚಪ್ಪಟೆ ಮಾಡಿ ಅನ್ನೋದು ನೇರ ಕೂದಲಿನವರಿಗೆ ಸರಿ. ನನ್ನದು ಸ್ಪ್ರಿಂಗ್‌ನಂಥ ಗುಂಗುರು. ಉದ್ದ ಭುಜದವರೆಗೆ ಅಷ್ಟೇ, ಆದರೆ ಎಲ್ಲ ಕಡೆಗೂ ಉಬ್ಬುತ್ತದೆ. ಒಂದು ಕಡೆ ಗಂಟು ಮಾಡಿದರೂ ನೆತ್ತಿಯ ಮೇಲೆ ಎರಡು ಬೆರಳು ದಪ್ಪ ಉಳಿಯುತ್ತದೆ. ಸಾಮಾನ್ಯ ಟೋಪಿ ನನಗೆ ಕಿವಿಯವರೆಗೂ ಬರುವುದಿಲ್ಲ. ಒಳಗೆ ಜಾಗ ಜಾಸ್ತಿ ಇರುವುದೇ ಬೇಕು. ಅಂಚು ಬಿಗಿ, ಒಳಗೆ ಜಾಗ, ಎರಡೂ ಒಂದೇ ಟೋಪಿಯಲ್ಲಿ ಸಿಗೋದೇ ಕಷ್ಟ.

ಇದು ನಮ್ಮಂಥವರ ಗೊಣಗಾಟ ಅಷ್ಟೇ ಅಂದುಕೊಳ್ಳಬೇಡಿ. ದಟ್ಟ ಗುಂಗುರು, ಹೆಣೆದ ಕೂದಲು ಇರುವವರಿಗಾಗಿ ಮಾಡಿದ ಸೋಲ್ ಕ್ಯಾಪ್ ಟೋಪಿಗೆ 2021ರಲ್ಲಿ, ಟೋಕಿಯೊ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ, ಅಂತರರಾಷ್ಟ್ರೀಯ ಈಜು ಒಕ್ಕೂಟ ಫಿನಾ ಒಪ್ಪಿಗೆ ಕೊಡಲಿಲ್ಲ. ತಲೆಯ ಸಹಜ ಆಕಾರಕ್ಕೆ ಹೊಂದುವುದಿಲ್ಲ ಅನ್ನೋದು ಕಾರಣ. ಯಾರ ತಲೆಯ ಸಹಜ ಆಕಾರ ಅಂತ ಜನ ಕೇಳಿದರು. 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ನಾನು ಈಗ ಮಾಡೋದು ಇಷ್ಟು. ಒಳಗೆ ತೆಳ್ಳನೆ ಲೈಕ್ರಾ ಬಟ್ಟೆ ಟೋಪಿ, ಹೊರಗೆ ಜಾಗ ಇರುವ ಸಿಲಿಕೋನ್. ಬಟ್ಟೆ ಕೂದಲನ್ನು ಅಮುಕುತ್ತದೆ, ಕೀಳುವುದಿಲ್ಲ. ಸಿಲಿಕೋನ್ ಬಟ್ಟೆಯ ಮೇಲೆ ಅಷ್ಟು ಜಾರುವುದೂ ಇಲ್ಲ. ಮೂರನೇ ಲೇನ್ ಅವರು ಬಟ್ಟೆ ಟೋಪಿಯನ್ನು ಸುಮ್ನೆ ತಳ್ಳಿಹಾಕಿದರು. ಒಂದೇ ಹಾಕಿದರೆ ಸೋರುತ್ತದೆ ನಿಜ, ಒಳಗಡೆಗೆ ಅದರಂಥದ್ದು ಇನ್ನೊಂದಿಲ್ಲ. ತಲೆ ಸ್ವಲ್ಪ ಬಿಸಿಯಾಗುತ್ತದೆ.

ಇಬ್ಬರ ಅಪ್ಪ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮಗಳಿಗೆ ಏಳು ವರ್ಷ, ತಲೆ 51 ಸೆಂ.ಮೀ., ಕೂದಲು ಬೆನ್ನಿನ ನಡುವಿನವರೆಗೆ. ಮಕ್ಕಳ ಟೋಪಿ ಹಾಕಿದರೆ ಅಳುತ್ತಾಳೆ. ದೊಡ್ಡವರದು ಹಾಕಿದರೆ ಕಣ್ಣಿಗೆ ಇಳಿಯುತ್ತದೆ.

ಗುಂಗುರು

ಅಣ್ಣ, ಅಳೋದು ಅಳತೆಗಲ್ಲ, ಕೂದಲು ಎಳೆಯೋದಕ್ಕೆ. ನನ್ನ ಅಕ್ಕನ ಮಗಳದ್ದೂ ಇದೇ ಕಥೆ. ಮಕ್ಕಳಿಗೆ ಬಟ್ಟೆಯ ಮೇಲೆ ತೆಳುವಾಗಿ ಪಾಲಿಯುರೆಥೇನ್ ಲೇಪ ಇರುವ ಟೋಪಿ ನೋಡಿ. ಒಳಗೆ ಮುಟ್ಟಿದರೆ ಬಟ್ಟೆ, ಹೊರಗೆ ನುಣುಪು. ಸಿಲಿಕೋನ್‌ನಷ್ಟು ನೀರು ತಡೆಯುವುದಿಲ್ಲ, ಸರಾಗವಾಗಿ ತಲೆಗೆ ಇಳಿಯುತ್ತದೆ. ಕೂದಲು ನೆನೆಸಿ ಎರಡು ಜಡೆ ಹಾಕಿ, ಅವಳೇ ಹಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ, ನೀವು ಹಿಂದಿನದನ್ನು ಎಳೆಯಿರಿ. ಅರ್ಧ ಅಳು ಅಲ್ಲೇ ನಿಲ್ಲುತ್ತದೆ.

ಜಡೆಭಾರ

ಮೂರು ದಿನ ನೋಡಿ ಬರೀತಿದ್ದೀನಿ.

ಮೊದಲ ದಿನ ಎರಡು ಜಡೆ ಬಿಗಿಯಾಗಿ ಹಾಕಿದೆ, ಅದು ಕಟ್ಟಿಗೆಯಂತೆ ಗಟ್ಟಿಯಾಗಿ ಚಪ್ಪಟೆಯೇ ಆಗಲಿಲ್ಲ. ಸಡಿಲ ಜಡೆ ಅಂತ ಯಾಕೆ ಹೇಳಿದ್ದು ಅಂತ ಆಗ ಗೊತ್ತಾಯಿತು. ಎರಡನೇ ದಿನ ಸರಿ ಬಂತು. ಮುಂಚೆ ಉಂಡೆ ತಲೆಯಿಂದ ಏಳು ಸೆಂ.ಮೀ. ಆಚೆ ಚಾಚುತ್ತಿತ್ತು, ಈಗ ಮೂರೂವರೆ. ಅದೂ ತಗ್ಗಿನಲ್ಲಿ ಹುದುಗಿದೆ. ಹಳೆಯ 22ರ ಟೋಪಿಯನ್ನೇ ಹಾಕಿದೆ, ತೂತಿರುವುದನ್ನು. ಇಪ್ಪತ್ತು ಸುತ್ತು ಈಜಿದೆ, ಹಿಂದಿನ ಅಂಚು ಹೆಡಕಿನಲ್ಲೇ ಇತ್ತು!

ಆದರೆ ಜಾಗ ಇಕ್ಕಟ್ಟು. ತೂತಿನ ಹತ್ತಿರ ಸೀಳು ಬೆಳೆಯುತ್ತಿದೆ. ಉದ್ದ ಕೂದಲಿನದೇ ಇನ್ನೊಂದು ಟೋಪಿ ಹುಡುಕಿದೆ, ಈ ಸಲ ಟೇಪ್ ತಗೊಂಡೇ ಹೋದೆ. ಬಾಯಿ 22.5, ಹಿಂದುಗಡೆ ಚೀಲದಂತೆ ಉಬ್ಬಿರುವುದು ಸಿಕ್ಕಿತು. ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ. ಹಾಕಿಕೊಳ್ಳೋಕೆ ಈಗ ಒಂದು ನಿಮಿಷ.

ಎಡಗಣ್ಣು ಮಾತ್ರ ಹಾಗೇ ಇದೆ. ಟೋಪಿ ಸರಿ ಹೋದರೆ ಅದೂ ಸರಿ ಹೋಗುತ್ತದೆ ಅಂದುಕೊಂಡಿದ್ದೆ. ಹುಬ್ಬಿನ ಮೇಲಿನ ನೋವೂ ಇದೆ, ಗಾಗಲ್ಸ್ ತೆಗೆದ ಹತ್ತು ನಿಮಿಷಕ್ಕೆ ಹೋಗುತ್ತದೆ.

ಹಳೇ ಕೋಚ್

ಟೋಪಿ ಆಯಿತು, ಈಗ ಪಟ್ಟಿ. ಜಡೆ ಕಟ್ಟಿ, ಟೋಪಿ ಹಾಕಿಕೊಂಡೇ ಇದನ್ನೆಲ್ಲ ಮಾಡಿ. ಮನೆಯಲ್ಲಿ ಕೂದಲು ಬಿಟ್ಟುಕೊಂಡು ಪಟ್ಟಿ ಸರಿ ಮಾಡಿದರೆ ಪೂಲಿನಲ್ಲಿ ಅದು ಬೇರೆಯೇ ಅಳತೆ.

ಮೊದಲು ಪಟ್ಟಿಯನ್ನು ಮುಂದಕ್ಕೆ ಬಿಟ್ಟು, ಗಾಗಲ್ಸ್ ಅನ್ನು ಮಾತ್ರ ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಒಂದೆರಡು ಸೆಕೆಂಡಾದರೂ ತಾನಾಗಿ ಅಂಟಿಕೊಂಡು ನಿಲ್ಲಬೇಕು. ನಿಂತರೆ ಗಾಗಲ್ಸ್ ನಿಮ್ಮ ಮುಖಕ್ಕೆ ಸರಿ. ನಿಲ್ಲದಿದ್ದರೆ ಅದರ ಆಕಾರವೋ ಮೂಗಿನ ಸೇತುವೆಯೋ ಹೊಂದುತ್ತಿಲ್ಲ ಅಂತ. ಆಗ ಪಟ್ಟಿ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ನೀರು ತಡೆಯುವುದು ಕಣ್ಣಿನ ಸುತ್ತಲಿನ ಮೆತ್ತೆ. ಪಟ್ಟಿ ಅದನ್ನು ಜಾಗದಲ್ಲಿ ಇಡುತ್ತದೆ, ಅಷ್ಟೇ ಅದರ ಕೆಲಸ.

ಆಮೇಲೆ ಕನ್ನಡಿ ಮುಂದೆ ನಿಂತು ಎಡಗಣ್ಣಿನ ಮೆತ್ತೆಯ ಸುತ್ತ ಬೆರಳಾಡಿಸಿ. ಹೊರ ಮೂಲೆಯಲ್ಲಿ, ಮೇಲ್ಗಡೆ, ಟೋಪಿಯ ಅಂಚು ಮೆತ್ತೆಯ ಕೆಳಗೆ ಸಿಕ್ಕಿಕೊಂಡಿದೆಯಾ ನೋಡಿ. ಒಂದೇ ಒಂದು ಕೂದಲು ಸಿಕ್ಕಿದ್ದರೂ ಅದರ ಗುಂಟ ನೀರು ಬರುತ್ತದೆ.

ಮೂರನೆಯದು, ಪಟ್ಟಿಯ ಎರಡು ಬಾಲ. ಬಕಲ್‌ನಿಂದ ಆಚೆ ನೇತಾಡುವ ತುಂಡುಗಳನ್ನು ಅಳೆಯಿರಿ. ನೀವು ಎಡಗಡೆ ಮಾತ್ರ ಬಿಗಿ ಮಾಡಿದಿರಿ ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ಒಂದು ಕಡೆ ಪಟ್ಟಿ ಬಿಗಿಯಾಗಿ ಗಿಡ್ಡವಾದರೆ ಮೂಗಿನ ಸೇತುವೆ ಆ ಕಡೆಗೆ ಸರಿಯುತ್ತದೆ, ಎರಡೂ ಮೆತ್ತೆ ಕಣ್ಣಿನ ಗುಂಡಿಯಿಂದ ಓರೆಯಾಗುತ್ತವೆ.

ಪಟ್ಟಿ ಕೂರುವ ಜಾಗವೂ ಈಗ ಬದಲಾಗಬೇಕು. ಕಿವಿಯ ಮೇಲೆ ಬೇಡ. ಕಣ್ಣಿನ ಹೊರ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿ ತಲೆಯ ಹಿಂದಿನ ಉಬ್ಬನ್ನು ಹಿಡಿಯಲಿ. ನಿಮ್ಮ ಪಟ್ಟಿ ಎರಡು ಎಳೆಯದಾದರೆ ಒಂದು ಎಳೆ ಉಬ್ಬಿನ ಮೇಲೆ, ಇನ್ನೊಂದು ಕೆಳಗೆ, ನಡುವೆ ಎರಡು ಬೆರಳು ಅಂತರ. ಜಡೆಸುತ್ತು ಅದರ ಕೆಳಗೆ ಒಂದು ಮೆಟ್ಟಿಲಿನಂತೆ ನಿಂತು ಪಟ್ಟಿ ಜಾರದಂತೆ ತಡೆಯುತ್ತದೆ. ಮುಂಚೆ ಇದೇ ತುರುಬು ಪಟ್ಟಿಯ ಜಾಗವನ್ನು ತಾನೇ ಹಿಡಿದುಕೊಂಡು ಕೂತಿತ್ತು.

ಬಿಗಿ ಎಷ್ಟು? ಕಣ್ಣಿಗೂ ಕಿವಿಗೂ ನಡುವೆ ಪಟ್ಟಿಯ ಕೆಳಗೆ ಒಂದು ಬೆರಳು ಕಷ್ಟವಿಲ್ಲದೆ ತೂರಬೇಕು. ಗೋಡೆ ಒದ್ದು ಮೂರು ಸಲ ಹೊರಡಿ. ಕದಲದಿದ್ದರೆ ಸಾಕು, ಅದಕ್ಕಿಂತ ಬಿಗಿ ಬೇಡ. ಹುಬ್ಬಿನ ಮೇಲಿಂದ ಹಣೆಗೆ ನರ ಹೋಗುತ್ತದೆ, ಅದು ಒತ್ತಿದರೆ ನಿಮಗೆ ಬರುವಂಥ ನೋವೇ ಬರುತ್ತದೆ. ಗಾಗಲ್ಸ್ ತೆಗೆದ ಮೇಲೂ ನೋವು ಉಳಿದರೆ, ಇಲ್ಲವೇ ಹಣೆ ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ.

ಮೂರನೇ ಲೇನ್

ಅಂದರೆ ಆರು ವರ್ಷದಿಂದ ನನ್ನ ಗಾಗಲ್ಸ್ ಓರೆಯಾಗಿದೆ ಅಂತಾಯಿತು. ಈಗ ಬಾಲ ಅಳೆದೆ. ಎಡಕ್ಕೆ ಆರು ಸೆಂ.ಮೀ., ಬಲಕ್ಕೆ ಎರಡು. ನಗಬೇಡಿ.

ಜಡೆಭಾರ

ನಕ್ಕಾಯಿತು, ಸಾರಿ. ನನ್ನದು ಎಡ ನಾಲ್ಕೂವರೆ, ಬಲ ಮೂರು.

ಪಟ್ಟಿ ಬಿಟ್ಟು ಒತ್ತಿ ನೋಡಿದೆ. ಎರಡೂ ಕಡೆ ನಿಂತಿತು, ಬಲಗಡೆಯದು ಎರಡು ಸೆಕೆಂಡಿಗಿಂತ ಜಾಸ್ತಿಯೇ. ಹಾಗಾಗಿ ಗಾಗಲ್ಸ್ ಬದಲಿಸಬೇಕಿಲ್ಲ. ಬೆರಳಾಡಿಸಿದಾಗ ಸಿಕ್ಕಿಬಿತ್ತು ನೋಡಿ. ನಾನು ಟೋಪಿಯನ್ನು ಬಲಗೈಯಿಂದ ಜೋರಾಗಿ ಮೇಲಕ್ಕೆ ಎಳೆದುಕೊಳ್ಳುತ್ತೇನೆ, ಬಲ ಅಂಚು ಮೇಲೆ, ಎಡ ಅಂಚು ಹುಬ್ಬಿನ ತುದಿಗೆ ತಾಗಿಕೊಂಡಿರುತ್ತದೆ. ಅದರ ಮೇಲೇ ಮೆತ್ತೆ ಕೂತಿತ್ತು. ಜೊತೆಗೆ ಕಿವಿಯ ಮುಂದಿನ ನಾಲ್ಕು ಸಣ್ಣ ಕೂದಲು ಹೊರಗೆ.

ಅಂಚನ್ನು ಒಂದು ಬೆರಳು ಮೇಲೆ ಸರಿಸಿದೆ, ಕೂದಲು ಒಳಗೆ ತುರುಕಿದೆ, ಎರಡೂ ಬಾಲ ನಾಲ್ಕು ಸೆಂ.ಮೀ.ಗೆ ತಂದೆ. ಪಟ್ಟಿಯನ್ನು ಉಬ್ಬಿಗೆ ಏರಿಸಿದ ಮೇಲೆ ಅದೇ ಉದ್ದ ಬಿಗಿಯಾಯಿತು. ಎರಡೂ ಕಡೆ ಒಂದೊಂದು ಹಲ್ಲು ಸಡಿಲಿಸಿ ಈಗ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. ನಲವತ್ತು ನಿಮಿಷ ಈಜಿದೆ. ಎಡಗಣ್ಣು ಒಣಗಿತ್ತು. ನೋವು ಬಂದದ್ದು ಕೊನೆಯ ಐದು ನಿಮಿಷ ಮಾತ್ರ, ಅದೂ ಸ್ವಲ್ಪ.

ಒಂದು ಸಂಶಯ ಉಳಿಯಿತು. ಪಟ್ಟಿ ಟೋಪಿಯ ಮೇಲೋ ಒಳಗೋ? ನುಣುಪು ಸಿಲಿಕೋನ್ ಮೇಲೆ ಮೇಲಿನ ಎಳೆ ಆಗಾಗ ಜಾರಿ ಕೆಳಗಿನದನ್ನು ಸೇರಿಕೊಳ್ಳುತ್ತದೆ.

ನೀಲಿ ಹಂಚು

ನಾನು ಒಳಗೇ ಹಾಕೋದು. ಮೊದಲು ಗಾಗಲ್ಸ್, ಆಮೇಲೆ ಟೋಪಿ. ಪಟ್ಟಿ ಎಲ್ಲಿಗೂ ಹೋಗುವುದಿಲ್ಲ. ಒಂದೇ ತೊಂದರೆ, ಗಾಗಲ್ಸ್ ನಡುವೆ ತೆಗೆಯಬೇಕಾದರೆ ಟೋಪಿಯೂ ಬರುತ್ತದೆ.

ಅಂದ ಹಾಗೆ ಲ್ಯಾಟೆಕ್ಸ್ ಅಲರ್ಜಿ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಹಣೆಯ ಮೇಲೆ ಅಂಚು ಕೂತಲ್ಲೇ ಕೆಂಪು ಗೆರೆ, ತುರಿಕೆ ಬರುತ್ತಿತ್ತು. ಬಿಗಿ ಅಂದುಕೊಂಡಿದ್ದೆ, ನೋಡಿದರೆ ಲ್ಯಾಟೆಕ್ಸ್ ಅಲರ್ಜಿ. ಬಿಗಿಯ ಗುರುತು ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಮರುದಿನವೂ ತುರಿಸಿದರೆ ಅದು ಬೇರೆ.

ಗುಂಗುರು

ಒಳಗೆ ಪಟ್ಟಿ ಹಾಕೋದು ಕೂದಲು ಕಡಿಮೆ ಇರುವವರಿಗೆ ಸರಿ. ನಾನು ಹಾಕಿದರೆ ಬಕಲ್‌ಗೆ ಗುಂಗುರು ಸುತ್ತಿಕೊಂಡು ಬಿಡಿಸೋಕೆ ಕತ್ತರಿಯೇ ಬೇಕು. ನನ್ನ ಬಟ್ಟೆ ಟೋಪಿ ಇದೆಯಲ್ಲ, ಅದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಸಿಲಿಕೋನ್. ಎರಡು ಟೋಪಿಯ ನಡುವೆ ಪಟ್ಟಿ. ಬಟ್ಟೆಯ ಮೇಲೆ ಎಳೆ ಜಾರುವುದಿಲ್ಲ, ಸಿಲಿಕೋನ್ ಮೇಲಿಂದ ಹಿಡಿದಿರುತ್ತದೆ.

ಹಳೇ ಕೋಚ್

ಸ್ಪರ್ಧೆಯಲ್ಲಿ ಡೈವ್ ಹೊಡೆಯುವವರೂ ಎರಡು ಟೋಪಿಯ ನಡುವೆಯೇ ಪಟ್ಟಿ ಇಡುತ್ತಾರೆ. ಜಡೆಭಾರ ಅವರಿಗೆ ನಾನು ಈಗಲೇ ಅದನ್ನು ಹೇಳುವುದಿಲ್ಲ. ಎರಡು ಟೋಪಿ ಅಂದರೆ ಹಣೆಯ ಮೇಲೆ ಎರಡು ಅಂಚಿನ ಒತ್ತಡ, ಇರುವ ನೋವು ಮೊದಲು ಪೂರ್ತಿ ಹೋಗಲಿ. ಒಂದು ವಾರ ಪಟ್ಟಿ ಟೋಪಿಯ ಮೇಲೇ ಇರಲಿ. ಟೋಪಿಯ ಹೊರಮೈಯಲ್ಲಿ ಎಣ್ಣೆ, ಸನ್‌ಸ್ಕ್ರೀನ್ ಕೈ ತಾಗಿದೆಯಾ ನೋಡಿ. ಜಾರುವುದಕ್ಕೆ ಬಹಳ ಸಲ ಅದೇ ಕಾರಣ. ಬರೀ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ ನೋಡಿ.

ಜಡೆಭಾರ

ಸನ್‌ಸ್ಕ್ರೀನ್! ಟೋಪಿ ಹಾಕುವ ಮುಂಚೆ ಮುಖಕ್ಕೆಲ್ಲ ಬಳಿದುಕೊಂಡು ಅದೇ ಕೈಯಲ್ಲಿ ಎಳೆದುಕೊಳ್ಳುತ್ತೇನೆ. ನಾಳೆ ಮೊದಲು ಟೋಪಿ, ಆಮೇಲೆ ಸನ್‌ಸ್ಕ್ರೀನ್. ಆದರೆ ಗಾಗಲ್ಸ್ ಮೆತ್ತೆ ಕೂರುವ ಜಾಗಕ್ಕೆ ಹಚ್ಚಬೇಕಾ ಬೇಡವಾ?

ಇಬ್ಬರ ಅಪ್ಪ

ಅದು ನನಗೂ ಬೇಕಿತ್ತು. ಮಗಳು ಇವತ್ತು ಟೋಪಿಯ ಅಂಚು ತಾನೇ ಹಿಡಿದುಕೊಂಡಳು, ಅಳಲಿಲ್ಲ. ಟೋಪಿ ತೆಗೆಯುವಾಗ ಅತ್ತಳು.